ನೂರೆಪ್ಪತ್ತು ಮಂದಿಯ ಮಾತು, ತಿದ್ದುವ ಕೈ ಒಂದೇ: ಯಾರ ದನಿ ಎಷ್ಟು ಉಳಿಸಬೇಕು?

ನಮ್ಮ ಹೈಸ್ಕೂಲಿನ ಗಣಿತದ ಸರ್ ನಿವೃತ್ತರಾದರು. ಚಿತ್ತಾಪುರ ತಾಲೂಕಿನ ಹಳ್ಳಿ ಶಾಲೆ ನಮ್ಮದು. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಅಭಿನಂದನಾ ಸಂಚಿಕೆ ತರೋಣ ಅಂದರು. ಕಲಬುರಗಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು ನಾನೊಬ್ಬನೇ ಇದ್ದುದರಿಂದ ಕೆಲಸ ಸೀದಾ ನನ್ನ ತಲೆಗೆ ಬಂತು. ವಾಟ್ಸಾಪಿನಲ್ಲಿ 184 ಮೆಸೇಜು ಬಂದವು. ಕೆಲವು ಎರಡು ಸಾಲು, ಕೆಲವು ಎರಡು ಪುಟ, ಇನ್ನು ಕೆಲವರು ಬರೆಯೋಕೆ ಬೇಜಾರಾಗಿ ವಾಯ್ಸ್ ಮೆಸೇಜ್ ಕಳಿಸಿದ್ದರು.

ಎಲ್ಲವನ್ನೂ ತಿದ್ದಿ ಬರೆಯಬೇಕಿತ್ತು. ಮೊದಲ ವಾರ ನಲವತ್ತು ಮುಗಿಸಿ, ಭಾನುವಾರ ಕೂತು ಒಂದೇ ಉಸಿರಿಗೆ ಓದಿದೆ. ಪೊಲೀಸ್ ಆದವನು, ಅಂಗನವಾಡಿ ಕಾರ್ಯಕರ್ತೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ, ಹೆಚ್ಚು ಕಡಿಮೆ ಎಲ್ಲರೂ ಥೇಟ್ ನನ್ನ ಹಾಗೇ ಮಾತಾಡುತ್ತಿದ್ದರು! ತಪ್ಪು ಒಂದೂ ಇರಲಿಲ್ಲ, ಆದರೆ ಅಲ್ಲಿ ಮಂದಿಯೂ ಇರಲಿಲ್ಲ. ಆ ನಲವತ್ತನ್ನೂ ಬಿಟ್ಟು ಮತ್ತೆ ಶುರು ಮಾಡಿದೆ. ಎರಡನೇ ಸಲ ಮಾಡಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಮರಣ ಸಂಚಿಕೆ, ಸಂಘದ ವರದಿ, ಗ್ರಾಹಕರ ಅನಿಸಿಕೆ, ಹೀಗೆ ಹತ್ತಾರು ಮಂದಿಯ ಮಾತನ್ನು ಒಬ್ಬರೇ ತಿದ್ದಬೇಕಾದ ಕಡೆ ಇದು ಉಪಯೋಗಕ್ಕೆ ಬರುತ್ತದೆ.

1. ಮೊದಲು ಜಾಗದ ಲೆಕ್ಕ, ಆಮೇಲೆ ದನಿಯ ಮಾತು

ಎಷ್ಟು ಉಳಿಸಬೇಕು ಅನ್ನೋದನ್ನ ಮೊದಲು ಹೇಳುವುದು ನಿಮ್ಮ ಅಭಿರುಚಿ ಅಲ್ಲ, ಕಾಗದ. ಪ್ರೆಸ್ಸಿನಲ್ಲಿ ನಮಗೆ 16 ಪುಟದ ಆರು ಫಾರಂ ಅಂತ ಗೊತ್ತಾಗಿತ್ತು, ಅಂದರೆ 96 ಪುಟ. ಫೋಟೋ, ಮುನ್ನುಡಿ, ಹೆಸರಿನ ಪಟ್ಟಿಗೆ 14 ಪುಟ ಹೋದರೆ ಉಳಿದಿದ್ದು 82. ನಾನು ಇಟ್ಟ ಅಕ್ಷರದ ಗಾತ್ರಕ್ಕೆ ಒಂದು ಪುಟಕ್ಕೆ ಸುಮಾರು 240 ಪದ ಹಿಡಿಯುತ್ತಿತ್ತು. ಅಲ್ಲಿಗೆ 19,680 ಪದ.

ಬಂದ ಮೆಸೇಜುಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕಿದೆ. A ಕಾಲಮ್ಮಿನಲ್ಲಿ ಹೆಸರು, B ಕಾಲಮ್ಮಿನಲ್ಲಿ ಬಂದ ಹಾಗೇ ಮೂಲ, C ಕಾಲಮ್ಮಿನಲ್ಲಿ ತಿದ್ದಿದ್ದು. B ಕಾಲಮ್ಮನ್ನು ಲಾಕ್ ಮಾಡಿಬಿಡಿ, ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಪದ ಎಣಿಸೋಕೆ ಈ ಸೂತ್ರ ಸಾಕು:

```
=LEN(TRIM(B2))-LEN(SUBSTITUTE(TRIM(B2)," ",""))+1
```

ಒಟ್ಟು 26,000 ಪದದ ಹತ್ತಿರ ಇತ್ತು. ಅದರಲ್ಲಿ ಹನ್ನೊಂದು ಬರೀ ಫಾರ್ವರ್ಡ್, ಗುರು ಬ್ರಹ್ಮ ಗುರು ವಿಷ್ಣು ಅಂತ ಎಲ್ಲಿಂದಲೋ ಬಂದಿದ್ದನ್ನು ಹಾಗೇ ದೂಡಿದ್ದರು. ಅವರ ಹೆಸರನ್ನು ಶುಭ ಕೋರಿದವರ ಪಟ್ಟಿಗೆ ಹಾಕಿದೆ. ಇಲ್ಲಿ ಒಂದು ಆಸೆ ಹುಟ್ಟುತ್ತದೆ ನೋಡಿ, 'ಪಾಪ, ಇವನದ್ದೂ ಒಂದು ನೆನಪು ಬರೆದುಬಿಡೋಣ, ನನಗೆ ಗೊತ್ತಲ್ಲ ಇವನು ಹೆಂಗೆ ಅಂತ'. ಬೇಡ. ಇಲ್ಲದ ದನಿಯನ್ನು ನಾವು ಕಟ್ಟಿಕೊಟ್ಟರೆ ಅದು ತಿದ್ದಿದ ಹಾಗಾಗಲಿಲ್ಲ.

ಉಳಿದ 173 ಮೆಸೇಜಿಗೆ ತಲಾ ಸುಮಾರು 113 ಪದ ಬರುತ್ತದೆ. ಸರಾಸರಿ 150 ಇದ್ದದ್ದು 113 ಆಗಬೇಕು, ಅಂದರೆ ಹೆಚ್ಚು ಕಡಿಮೆ ಕಾಲು ಭಾಗ ಹೋಗಬೇಕು. ಈ ಸಂಖ್ಯೆ ಕೈಗೆ ಸಿಕ್ಕಿದ ಮೇಲೆ ಧೈರ್ಯ ಬಂತು. ಕಾಲು ಭಾಗ ತೆಗೆಯೋಕೆ ಯಾರ ದನಿಯನ್ನೂ ಕೊಲ್ಲಬೇಕಾಗಿಲ್ಲ. ಅರ್ಧಕ್ಕರ್ಧ ತೆಗೆಯಬೇಕಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಆಗ ಕೆಲವರದ್ದು ಪೂರ್ತಿ ಹಾಕಿ, ಉಳಿದವರಿಂದ ಒಂದೊಂದೇ ಸಾಲು ಆರಿಸುವುದು ಒಳ್ಳೆಯದು. ಎಲ್ಲರನ್ನೂ ಸಮನಾಗಿ ಹಿಂಡಿದರೆ ಎಲ್ಲರೂ ಒಣಗುತ್ತಾರೆ.

2. ತಿದ್ದುವ ಮೊದಲು ಒಂದು ಸಾಲಿಗೆ ಬೇಲಿ ಹಾಕಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಪೆನ್ನು ಹಿಡಿಯದೆ ಪ್ರತಿ ಮೆಸೇಜನ್ನೂ ಒಮ್ಮೆ ಓದಿ, ಅದರಲ್ಲಿ ಒಂದೇ ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿ. ಆ ಸಾಲನ್ನು ಆಮೇಲೆ ಮುಟ್ಟುವ ಹಾಗಿಲ್ಲ, ಕಾಗುಣಿತ ಒಂದನ್ನು ಬಿಟ್ಟು. ಯಾವ ಸಾಲು? ಹೆಸರು ಮುಚ್ಚಿಟ್ಟು ಕೇಳಿಕೊಳ್ಳಿ: ಇದನ್ನು ಬೇರೆ ಯಾರಾದರೂ ಬರೆಯಬಹುದಿತ್ತಾ? 'ಸರ್ ನಮಗೆ ದಾರಿದೀಪ' ಅನ್ನೋದನ್ನ ಅರವತ್ತು ಜನ ಬರೆದಿದ್ದರು. 'ಸರ್ ಸೈಕಲ್ ಬೆಲ್ ಕೆಟ್ಟಿತ್ತು, ಅವರು ಕೆಮ್ಮಿದ್ರ ನಾವು ಓಡ್ತಿದ್ವಿ' ಅನ್ನೋದನ್ನ ಒಬ್ಬನೇ ಬರೆದಿದ್ದ.

ಒಬ್ಬರ ಗುಣ ಮೆಸೇಜಿನ ತುಂಬ ಹರಡಿರುವುದಿಲ್ಲ. ಒಂದೆರಡು ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಉಳಿದದ್ದು ಎಲ್ಲರೂ ಹೇಳುವ ಮಾತೇ. ಆ ಜಾಗ ಗೊತ್ತಾದರೆ ಸುತ್ತಲಿನದ್ದನ್ನು ಆರಾಮಾಗಿ ಕತ್ತರಿಸಬಹುದು. ಗೊತ್ತಾಗದೆ ಕತ್ತರಿಗೆ ಕೈ ಹಾಕಿದರೆ ಮೊದಲು ಹೋಗುವುದೇ ಆ ಸಾಲು, ಯಾಕಂದರೆ ಅದೇ ಸ್ವಲ್ಪ ವಕ್ರವಾಗಿ, ವಿಷಯಕ್ಕೆ ಸಂಬಂಧ ಇಲ್ಲದ ಹಾಗೆ ಕಾಣುತ್ತಿರುತ್ತದೆ.

3. ಯಾರದ್ದು ಅಂತ ನೋಡಬೇಡಿ, ಯಾವ ಪದರ ಅಂತ ನೋಡಿ

ನಾನು ಮೊದಲ ವಾರ ಮಾಡಿದ ಎರಡನೇ ತಪ್ಪು ಇದು, ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ. ಡಾಕ್ಟರ್ ಆದವರ ಮೆಸೇಜನ್ನು ತಿದ್ದಿ ತೀಡಿ ಪುಸ್ತಕದ ಕನ್ನಡ ಮಾಡಿದ್ದೆ. ಟ್ರ್ಯಾಕ್ಟರ್ ಓಡಿಸುವ ಗೆಳೆಯನದ್ದನ್ನು ಮಾತ್ರ 'ಹಳ್ಳಿ ಸೊಗಡು ಇರಲಿ' ಅಂತ ಹಾಗೇ ಬಿಟ್ಟಿದ್ದೆ. ಇಬ್ಬರೂ ಕಳಿಸಿದ್ದು ಒಂದೇ ಭಾಷೆಯಲ್ಲಿ! ಇಬ್ಬರೂ 'ಹಂಗ', 'ಹಿಂಗ', 'ಮಾಡ್ಯಾರ' ಅಂತಲೇ ಬರೆದಿದ್ದರು. ಅಚ್ಚಾಗಿದ್ದರೆ ಒಬ್ಬರು ಗೌರವಸ್ಥರು, ಇನ್ನೊಬ್ಬ ತಮಾಷೆಯ ಪಾತ್ರ ಅನ್ನೋ ಹಾಗೆ ಕಾಣುತ್ತಿತ್ತು.

ಅದಕ್ಕೇ ಮಂದಿಯನ್ನು ಬಿಟ್ಟು ಭಾಷೆಯ ಪದರಗಳಿಗೆ ನಿಯಮ ಮಾಡಿದೆ. ನಿಯಮ ಒಂದೇ, 173 ಮಂದಿಗೂ.

ಕಾಗುಣಿತ ಎಲ್ಲರದ್ದೂ ತಿದ್ದುವುದು. ಫೋನಿನ ಕೀಲಿಮಣೆ ಮಾಡಿದ ತಪ್ಪು ಯಾರ ಗುಣವೂ ಅಲ್ಲ. ನಿರೂಪಣೆಯ ಕ್ರಿಯಾಪದ ಎಲ್ಲರದ್ದೂ ಬರಹದ ರೂಪಕ್ಕೆ: 'ಬಂದಾರ' ಇದ್ದದ್ದು 'ಬಂದಿದ್ದಾರೆ', 'ಮಾಡ್ಲಾಕತ್ತಿದ್ವಿ' ಇದ್ದದ್ದು 'ಮಾಡುತ್ತಿದ್ದೆವು'. ಆದರೆ ಪದಗಳು ಅವರವೇ. ಕಲಬುರಗಿಯವರ 'ಪರೇಶಾನ್', 'ಬರಾಬರ್', 'ಖರೆ', ಭಾಲ್ಕಿ ಕಡೆಯವರ ಮರಾಠಿ ಮಾತು, ಸೇಡಂ ಕಡೆಯ ತೆಲುಗು ಮಾತು, ಯಾವುದನ್ನೂ ಬದಲಿಸಬಾರದು. 'ಪರೇಶಾನ್ ಆಗಿದ್ದೆ' ಅಂದವನನ್ನು 'ಚಿಂತಾಕ್ರಾಂತನಾಗಿದ್ದೆ' ಮಾಡಿದರೆ ಆ ಮನುಷ್ಯ ಅಲ್ಲಿಂದ ಎದ್ದು ಹೋದ ಅಂತಲೇ ಲೆಕ್ಕ. ಇನ್ನು ಯಾರಾದರೂ ಆಡಿದ ಮಾತು, ಅಂದರೆ ಉದ್ಧರಣ ಚಿಹ್ನೆಯ ಒಳಗಿರುವುದು, ಆಡಿದ ಹಾಗೇ ಇರಬೇಕು. ಸರ್ ಮಾತಾಡಿದ್ದು ನಮ್ಮ ಭಾಷೆಯಲ್ಲಿ, ಅವರ ಬಾಯಲ್ಲಿ ಪುಸ್ತಕದ ಕನ್ನಡ ಹಾಕಿದರೆ ಅವರೇ ನಗುತ್ತಾರೆ. ಹಳದಿ ಸಾಲಿಗೆ ಈ ನಿಯಮ ಯಾವುದೂ ಇಲ್ಲ, ಅದು ಹಾಗೇ.

ಪೂರ್ತಿ ನಮ್ಮ ಮಾತಿನಲ್ಲೇ ಯಾಕೆ ಇಡಲಿಲ್ಲ ಅಂತ ಕೇಳಬಹುದು. ಎರಡು ಕಾರಣ. ಒಂದು, ಆಡುಮಾತನ್ನು ಬರೆಯುವಾಗ ಒಬ್ಬರು 'ಅದ' ಅಂತಾರೆ, ಇನ್ನೊಬ್ಬರು 'ಅದಾ', ಸುರಪುರದ ಕಡೆಯವರು 'ಐತಿ'. ಅಚ್ಚು ಮಾಡುವವನಿಗೆ ಒಂದೇ ರೂಪ ಹಿಡಿಯುವ ಚಟ ಬರುತ್ತದೆ, ಎಲ್ಲವನ್ನೂ 'ಅದ' ಮಾಡಿದರೆ ಸುರಪುರದವನು ಕಲಬುರಗಿಯವನಾಗಿಬಿಡುತ್ತಾನೆ. ಅದಕ್ಕಿಂತ ನಿರೂಪಣೆ ಬರಹದ ಕನ್ನಡದಲ್ಲಿದ್ದು, ಆಡುಮಾತು ಬಂದ ಕಡೆ ಅವರವರದ್ದೇ ಇರುವುದು ವಾಸಿ. ಎರಡು, ಎಷ್ಟೋ ಮಂದಿ ಕೇಳಿಕೊಂಡರು: 'ಅಣ್ಣಾ, ನಾ ಫೋನಿನ್ಯಾಗ ಬರದಂಗ ಹಾಕಬ್ಯಾಡ, ನಮ್ಮ ಹುಡುಗ್ರು ಓದ್ತಾರ'. ಅದು ಅವರ ಹಕ್ಕು.

ಇದರ ಉಲ್ಟಾ ಕೇಸೂ ಇದೆ. ಒಬ್ಬ ಅಕ್ಕ, ಈಗ ನರ್ಸ್, ಪೂರ್ತಿ ಗ್ರಂಥದ ಕನ್ನಡದಲ್ಲಿ ಬರೆದಿದ್ದರು, 'ಪೂಜ್ಯ ಗುರುವರ್ಯರ ಪಾದಾರವಿಂದಗಳಿಗೆ' ಅಂತ. ನನ್ನ ಕೈ ಅದನ್ನು ಸರಳ ಮಾಡೋಕೆ ಓಡಿತು. ಆಮೇಲೆ ನೆನಪಾಯಿತು, ಶಾಲೆಯಲ್ಲೂ ಭಾಷಣ ಸ್ಪರ್ಧೆಗೆ ನಿಂತರೆ ಹೀಗೇ ಮಾತಾಡುತ್ತಿದ್ದರು ಆಕೆ. ಆ ಬಿಗುವೇ ಅವರ ದನಿ. ಹಾಗೇ ಬಿಟ್ಟೆ. ಆಡುಮಾತು ಮಾತ್ರ ಅಸಲಿ ಅಂತ ತಿಳಿಯುವುದೂ ಒಂದು ಥರ ಹೇರಿಕೆಯೇ, ಅಲ್ವಾ?

ಊರಿನ ಹೆಸರಿನದ್ದೂ ಒಂದು ಗೊಂದಲ. ಹಳೆ ನೆನಪಲ್ಲಿ ಎಲ್ಲರೂ 'ಗುಲ್ಬರ್ಗಾ' ಅಂತಲೇ ಬರೆದಿದ್ದರು. ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. 'ಗುಲ್ಬರ್ಗಾ ಬಸ್ಸು ಹಿಡಿದು ಓಡಿ ಹೋಗಿದ್ದೆ' ಅನ್ನುವ 1990ರ ಕತೆಯಲ್ಲಿ ಹೆಸರು ಬದಲಿಸಬೇಡಿ, ಆ ಬಸ್ಸಿನ ಬೋರ್ಡಿನ ಮೇಲೆ ಅದೇ ಇತ್ತು. ಸಂಚಿಕೆಯ ಕೊನೆಯಲ್ಲಿರುವ ವಿಳಾಸದ ಪಟ್ಟಿಯಲ್ಲಿ ಮಾತ್ರ ಈಗಿನ ಹೆಸರು.

4. ಒಂದು ಮೆಸೇಜು, ಮೂರು ಅಳತೆ

ಪೂರ್ತಿ ಶುರು ಮಾಡುವ ಮೊದಲು ಐದಾರು ಮೆಸೇಜನ್ನು ಮೂರು ಅಳತೆಯಲ್ಲಿ ಬರೆದು ನೋಡಿ. 1998ರ ಬ್ಯಾಚಿನ ಗೆಳೆಯನೊಬ್ಬ ಕಳಿಸಿದ್ದು ಇದು. ಗಂಜ ಅಂದರೆ ನಮ್ಮ ಕಡೆ ದವಸದ ಮಾರುಕಟ್ಟೆ, ಅಡತ್ಯಾ ಅಂದರೆ ಅಲ್ಲಿ ಕಮಿಷನ್ ಹಿಡಿದು ರೈತರ ಮಾಲು ಮಾರಿಸುವವನು:

'ನಮಸ್ಕಾರ್ರಿ. ಖರೆ ಹೇಳ್ಬೇಕಂದ್ರ ಗಣಿತ ಅಂದ್ರ ನನಗ ಭಾಳ ಅಂಜಿಕಿ. ಶೇಕಡಾ ಲೆಕ್ಕ ಬಂದ್ರ ಹೊಟ್ಟಿ ನೋವು ಅಂತ ಮನಿಗಿ ಹೋಗ್ತಿದ್ದೆ. ಒಂದಿನ ಸರ್ ಬೋರ್ಡ್ ಅಳಸಿ ನಿಮ್ಮಪ್ಪ ಗಂಜಕ್ಕ ಏಳು ಚೀಲ ತೊಗರಿ ಒಯ್ದಾನ, ಅಡತ್ಯಾ ನೂರಕ್ಕ ಎರಡು ಕಡ್ಕೊಂಡ, ಕೈಗಿ ಎಷ್ಟು ಬಂತು ಹೇಳು ಅಂದ್ರು. ಮನ್ಯಾಗ ದಿನಾ ಕೇಳೋ ಮಾತು, ಥಟ್ನೆ ಹೇಳ್ದೆ. ಅದs ಶೇಕಡಾ ಅಂದ್ರು. ಈಗ ಗಂಜದಾಗ ನಂದೇ ಅಡತಿ ಅಂಗಡಿ ಅದಾ. ಈಗ ನಾನೂ ಕಡ್ಕೋತೀನಿ. ಸರ್‌ಗ ದೇವರು ನೂರು ವರ್ಷ ಆಯುಷ್ ಕೊಡ್ಲಿ.' 'ಕಡ್ಕೋತೀನಿ' ಅನ್ನುವ ಮಾತಿನ ಕೊನೆಗೆ ಒಂದು ನಗುವ ಇಮೋಜಿ.

ಮೊದಲ ಅಳತೆ, ಬರೀ ಕಾಗುಣಿತ ತಿದ್ದಿ ಹಾಗೇ ಬಿಡುವುದು. 'ಅದs' ಹೋಗಿ 'ಅದೇ' ಬರುತ್ತದೆ, ಅಷ್ಟೇ. ಚೆಂದ, ಆದರೆ 173 ಹೀಗೇ ಇದ್ದರೆ ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳು ಹತ್ತನೇ ಪುಟಕ್ಕೆ ಸುಸ್ತಾಗುತ್ತಾರೆ, ಜಾಗವೂ ಸಾಲದು.

ಕೊನೆಯ ಅಳತೆ, ಬರೀ ಸಾರ: 'ಗಣಿತಕ್ಕೆ ಹೆದರುತ್ತಿದ್ದ ನನಗೆ ಗುರುಗಳು ದಿನನಿತ್ಯದ ಉದಾಹರಣೆಗಳ ಮೂಲಕ ಶೇಕಡಾವಾರು ಲೆಕ್ಕ ಕಲಿಸಿದರು. ಇಂದು ನಾನು ಯಶಸ್ವಿ ವ್ಯಾಪಾರಿಯಾಗಿದ್ದೇನೆ.' ನಾನು ಮೊದಲ ವಾರ ಬರೆದದ್ದು ಇದೇ. ಇದರಲ್ಲಿ ತೊಗರಿ ಇಲ್ಲ, ಅಪ್ಪ ಇಲ್ಲ, ಹೊಟ್ಟೆ ನೋವಿನ ನೆಪ ಇಲ್ಲ. ಇನ್ನೊಂದು ಗಮನಿಸಿ, 'ಯಶಸ್ವಿ' ಅಂತ ಅವನು ಎಲ್ಲಿ ಹೇಳಿದ್ದ? ಅದು ನಾನು ಸೇರಿಸಿದ್ದು. ಸಾರ ಬರೆಯುವಾಗ ಹೀಗೆ ಇಲ್ಲದ ಮಾತು ನುಸುಳುತ್ತದೆ. 'ಹೊಡೆದರು' ಇದ್ದದ್ದು 'ತಿದ್ದಿದರು' ಆಗುತ್ತದೆ, 'ಬೈದರು' ಹೋಗಿ 'ಬುದ್ಧಿ ಹೇಳಿದರು' ಬರುತ್ತದೆ. ಅಲ್ಲಿಗೆ ದನಿ ಮಾತ್ರ ಅಲ್ಲ, ನಡೆದ ಸಂಗತಿಯೇ ಬದಲಾಯಿತು.

ನಡುವಿನ ಅಳತೆ, ನಾವು ಹಿಡಿದದ್ದು:

'ಗಣಿತ ಅಂದರೆ ನನಗೆ ಭಾಳ ಅಂಜಿಕೆ. ಶೇಕಡಾ ಲೆಕ್ಕ ಬಂದರೆ ಹೊಟ್ಟೆ ನೋವು ಅಂತ ಮನೆಗೆ ಹೋಗುತ್ತಿದ್ದೆ. ಒಂದು ದಿನ ಸರ್ ಬೋರ್ಡು ಅಳಿಸಿ ಕೇಳಿದರು: "ನಿಮ್ಮಪ್ಪ ಗಂಜಕ್ಕ ಏಳು ಚೀಲ ತೊಗರಿ ಒಯ್ದಾನ, ಅಡತ್ಯಾ ನೂರಕ್ಕ ಎರಡು ಕಡ್ಕೊಂಡ, ಕೈಗಿ ಎಷ್ಟು ಬಂತು ಹೇಳು." ಮನೆಯಲ್ಲಿ ದಿನಾ ಕೇಳುವ ಮಾತು, ಥಟ್ಟನೆ ಹೇಳಿದೆ. "ಅದೇ ಶೇಕಡಾ" ಅಂದರು. ಈಗ ಗಂಜಿನಲ್ಲಿ ನನ್ನದೇ ಅಡತಿ ಅಂಗಡಿ ಇದೆ. ಈಗ ನಾನೂ ಕಡ್ಕೋತೀನಿ.'

ನಮಸ್ಕಾರ, ಹಾರೈಕೆ ಎರಡೂ ಹೋದವು. ಅವು ಎಲ್ಲರ ಮೆಸೇಜಿನಲ್ಲೂ ಇದ್ದವು. ನನಗೆ ಬೇಕಾದ ಕಾಲು ಭಾಗದಲ್ಲಿ ಹೆಚ್ಚಿನದ್ದು ಹೀಗೆ ತಲೆ ಮತ್ತು ಬಾಲ ಕತ್ತರಿಸಿಯೇ ಸಿಕ್ಕಿತು.

ವಾಯ್ಸ್ ಮೆಸೇಜಿಗೆ ಒಂದು ಮಾತು. 'ಅಂದ್ರ', 'ಏನಂತಾರ', 'ನೋಡ್ರಿ' ಅಂತ ಹತ್ತು ಸಲ ಬರುತ್ತದೆ. ಎಲ್ಲ ತೆಗೆದರೆ ಯಾರೋ ಓದಿದ ಪ್ರಬಂಧದಂತಾಗುತ್ತದೆ, ಎಲ್ಲ ಬಿಟ್ಟರೆ ತೊದಲಿದ ಹಾಗೆ ಕಾಣುತ್ತದೆ. ಅವರಿಗೆ ಅಂಟಿಕೊಂಡ ಒಂದು ಮಾತನ್ನು ಒಮ್ಮೆ ಮಾತ್ರ ಇಡಿ.

5. ಒಂದೇ ಏಟಿಗೆ ಬದಲಿಸಲು ಹೋಗಬೇಡಿ

ಇಷ್ಟೊಂದು ಮೆಸೇಜು ಇರುವಾಗ ಹುಡುಕಿ ಬದಲಿಸುವ ಬಟನ್ ಕರೆಯುತ್ತದೆ. ನಾನು 'ಅದಾ' ಇದ್ದ ಕಡೆಯೆಲ್ಲ 'ಇದೆ' ಹಾಕು ಅಂದೆ. 'ಅದಾದ ಮೇಲೆ' ಅನ್ನೋದು 'ಇದೆದ ಮೇಲೆ' ಆಯಿತು. 'ನನಗ' ತೆಗೆದು 'ನನಗೆ' ಹಾಕಿದಾಗ 'ನನಗೂ' ಅನ್ನುವ ಪದ ಕೆಟ್ಟು ಒಂದೇ ಅಕ್ಷರಕ್ಕೆ ಎತ್ವ, ಕೊಂಬು ಎರಡೂ ಬಿದ್ದು 'ನನಗೊ' ಆಯಿತು. ಯೂನಿಕೋಡಿನಲ್ಲಿ ಗ ಬೇರೆ, ಅದಕ್ಕೆ ಹತ್ತುವ ಸ್ವರಚಿಹ್ನೆ ಬೇರೆ, ಹಾಗಾಗಿ ನಮಗೆ ಒಂದೇ ಅಕ್ಷರವಾಗಿ ಕಾಣುವ 'ಗೂ' ಒಳಗೆ ಕಂಪ್ಯೂಟರಿಗೆ 'ಗ' ಸಿಗುತ್ತದೆ. ಮಾಡಲೇಬೇಕಿದ್ದರೆ ಪದದ ಎರಡೂ ಬದಿಗೆ ಖಾಲಿ ಜಾಗ ಸೇರಿಸಿ ಹುಡುಕಿ, ಒಂದೊಂದೇ ನೋಡಿ ಒಪ್ಪಿಕೊಳ್ಳಿ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದು ಉದ್ಧರಣೆಯ ಒಳಗಿನದ್ದನ್ನೂ ಹಳದಿ ಸಾಲನ್ನೂ ಬಿಡುವುದಿಲ್ಲ.

ಬಂದ ಕ್ರಮದಲ್ಲಿ ತಿದ್ದುವುದೂ ಬೇಡ. ಮೊದಲು ಬಂದವರದ್ದನ್ನು ಉತ್ಸಾಹದಲ್ಲಿ ಜಾಸ್ತಿ ತಿದ್ದುತ್ತೀರಿ, ಕೊನೆಯವರದ್ದು ದಣಿವಿನಲ್ಲಿ ಹಾಗೇ ಹೋಗುತ್ತದೆ. ನಮ್ಮಲ್ಲಿ ಹಳೆ ಬ್ಯಾಚಿನವರು ಮೊದಲು ಕಳಿಸಿದ್ದರು, ಹಾಗಾಗಿ ಹಿರಿಯರೆಲ್ಲ ಒಂದು ಥರ, ಕಿರಿಯರೆಲ್ಲ ಇನ್ನೊಂದು ಥರ ಆಗುತ್ತಿತ್ತು. ಒಂದು ಖಾಲಿ ಕಾಲಮ್ಮಿಗೆ `=RAND()` ಹಾಕಿ, ಬಂದ ಸಂಖ್ಯೆಗಳನ್ನು ಬರೀ ಮೌಲ್ಯವಾಗಿ ಅಂಟಿಸಿ (ಇಲ್ಲದಿದ್ದರೆ ಪ್ರತಿ ಸಲ ಬದಲಾಗುತ್ತಲೇ ಇರುತ್ತವೆ), ಆ ಕ್ರಮದಲ್ಲಿ ಜೋಡಿಸಿ. ದಿನಕ್ಕೆ ಇಪ್ಪತ್ತರ ಮೇಲೆ ಮಾಡಬೇಡಿ. ಇಪ್ಪತ್ತೈದು ದಾಟಿದರೆ ನನ್ನ ಕೈ ತಾನಾಗೇ ಒಂದೇ ತರಹದ ವಾಕ್ಯ ಬರೆಯುತ್ತಿತ್ತು.

6. ನಿಮ್ಮ ದನಿ ನುಗ್ಗಿದೆಯಾ ಅಂತ ಪರೀಕ್ಷೆ

ಎರಡು ಪರೀಕ್ಷೆ, ಎರಡೂ ಸುಲಭ. ಮೊದಲನೆಯದು, ತಿದ್ದಿದ C ಕಾಲಮ್ಮನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ. ಒಂದೇ ಥರ ಶುರುವಾಗುವ ಮೆಸೇಜುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನನ್ನ ಮೊದಲ ವಾರದ ನಲವತ್ತರಲ್ಲಿ ಹದಿಮೂರು 'ಆ ದಿನ' ಅಂತ ಶುರುವಾಗಿದ್ದವು. B ಕಾಲಮ್ಮಿನಲ್ಲಿ ಹುಡುಕಿದರೆ ಹಾಗೆ ಶುರು ಮಾಡಿದವರು ಇಬ್ಬರೇ. ಉಳಿದ ಹನ್ನೊಂದು ನನ್ನ ಚಟ. ಕೊನೆಯ ವಾಕ್ಯಗಳನ್ನೂ ಹೀಗೇ ಬೇರೆ ಕಾಲಮ್ಮಿಗೆ ತೆಗೆದು ನೋಡಿ, ಅಲ್ಲಿ ಇನ್ನೂ ಜಾಸ್ತಿ ಸಿಕ್ಕಿಬೀಳುತ್ತೀರಿ.

ಎರಡನೆಯದು, ಹೆಸರು ಮುಚ್ಚಿ ಅದೇ ಬ್ಯಾಚಿನ ಒಬ್ಬರಿಗೆ ಹತ್ತು ಮೆಸೇಜು ಕೊಡಿ, ಜೊತೆಗೆ ಹತ್ತು ಹೆಸರಿನ ಪಟ್ಟಿ. ಜೋಡಿಸಲಿ. ನಾನು ನಮ್ಮ ಬ್ಯಾಚಿನ ಗೆಳತಿಯೊಬ್ಬಳನ್ನು ಕೂರಿಸಿದೆ. ಮೊದಲ ವಾರದ ಬರಹದಲ್ಲಿ ಹತ್ತಕ್ಕೆ ಎರಡು ಹೇಳಿದಳು, ಅವೂ ಊರಿನ ಹೆಸರು ನೋಡಿ. ಹೊಸದರಲ್ಲಿ ಏಳು. ಎಲ್ಲಿ ಎಡವಿದಳೋ ಆ ಮೂರನ್ನು ಮತ್ತೆ ಮೂಲದ ಜೊತೆ ಇಟ್ಟು ನೋಡಿದೆ. ಒಂದರಲ್ಲಿ ನಾನು ಹಳದಿ ಹಚ್ಚಿದ್ದೇ ತಪ್ಪು ಸಾಲು. ಉಳಿದ ಎರಡರಲ್ಲಿ ಮೂಲದಲ್ಲೇ ಏನೂ ಇರಲಿಲ್ಲ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಹತ್ತಕ್ಕೆ ಹತ್ತು ಬರಲಿ ಅಂತ ಆಸೆಪಟ್ಟರೆ ಮತ್ತೆ ಬಣ್ಣ ಬಳಿಯೋಕೆ ಶುರು ಮಾಡುತ್ತೀರಿ.

7. ವಾಪಸ್ ಕಳಿಸಿ, ಒಂದೇ ಪ್ರಶ್ನೆ ಕೇಳಿ

ತಿದ್ದಿದ್ದನ್ನು ಬರೆದವರಿಗೆ ವಾಪಸ್ ಕಳಿಸಲೇಬೇಕು. ಆದರೆ 'ಹೇಗಿದೆ?' ಅಂತ ಕೇಳಬೇಡಿ. ಎಲ್ಲರೂ 'ಛಲೋ ಅದರಿ' ಅಂತಲೇ ಹೇಳುತ್ತಾರೆ, ಅಥವಾ ಇನ್ನೂ ಎರಡು ಪುಟ ಹೊಸದಾಗಿ ಬರೆದು ಕಳಿಸುತ್ತಾರೆ. ನಾನು ಕೇಳಿದ್ದು: 'ಇದರಲ್ಲಿ ನೀವು ಹೇಳದೇ ಇದ್ದ ಮಾತು ಯಾವುದಾದರೂ ಇದೆಯಾ?' ಮೂರು ದಿನದ ಗಡುವು ಕೊಟ್ಟೆ. ಎಂಟು ಮಂದಿ ಒಂದೊಂದು ಪದ ತೋರಿಸಿದರು. ಎಂಟೂ ನಾನೇ ಸೇರಿಸಿದ್ದವು.

ಒಂಬತ್ತನೆಯವನು ನಮ್ಮ ಅಡತಿ ಅಂಗಡಿಯ ಗೆಳೆಯ, ಮೆಸೇಜ್ ಮಾಡದೆ ಫೋನೇ ಮಾಡಿದ.

'ಅಣ್ಣಾ, ಮಾತೆಲ್ಲಾ ಬರಾಬರ್ ಅದಾ. ಆದ್ರ ನನ್ನ ನಗು ಎಲ್ಲಿ ಹೋಯ್ತು?'

ಇಮೋಜಿ. ಅಚ್ಚಿನಲ್ಲಿ ಸರಿಯಾಗಿ ಬರೋದಿಲ್ಲ ಅಂತ ಎಲ್ಲರದ್ದೂ ತೆಗೆದಿದ್ದೆ, ಯೋಚನೆಯನ್ನೇ ಮಾಡಿರಲಿಲ್ಲ. 'ಈಗ ನಾನೂ ಕಡ್ಕೋತೀನಿ' ಅನ್ನುವ ಸಾಲು ನಗು ಇದ್ದಾಗ ತಮಾಷೆ. ನಗು ತೆಗೆದ ಮೇಲೆ ಅದು ತಪ್ಪೊಪ್ಪಿಗೆ! ಅವನ ಅಂಗಡಿಗೆ ತೊಗರಿ ತರುವ ರೈತರು ಸಂಚಿಕೆ ಓದಿದರೆ ಏನು ಅಂದುಕೊಳ್ಳಬೇಕು? ಹಳದಿ ಸಾಲನ್ನು ಒಂದಕ್ಷರ ಮುಟ್ಟದೆಯೂ ಅದರ ಅರ್ಥ ತಿರುಗಿಸಿಬಿಟ್ಟಿದ್ದೆ. ಅವತ್ತು ರಾತ್ರಿ ಕೂತು ಇಮೋಜಿ ಇದ್ದ ಮೆಸೇಜುಗಳನ್ನೆಲ್ಲ ಮತ್ತೆ ನೋಡಿದೆ. ಹೆಚ್ಚಿನವು ಸುಮ್ನೆ ಕೈ ಮುಗಿದದ್ದು, ಹೂವು. ನಾಲ್ಕು ಕಡೆ ಮಾತ್ರ ಅದು ಹೋದರೆ ಮಾತೇ ಬೇರೆಯಾಗುತ್ತಿತ್ತು. ಆ ನಾಲ್ವರಿಗೂ ಫೋನ್ ಮಾಡಿ, ಆ ಚಿತ್ರದ ಬದಲು ಏನು ಹಾಕಲಿ, ನೀವೇ ಹೇಳಿ ಅಂದೆ.

ನಮ್ಮ ಗೆಳೆಯ ಎರಡು ನಿಮಿಷ ಸುಮ್ಮನಿದ್ದು, ಹಿಂದೆ ಯಾರಿಗೋ ತೂಕದ ಲೆಕ್ಕ ಹೇಳಿ, ಮತ್ತೆ ಫೋನಿಗೆ ಬಂದು 'ಸರ್ರ, ಕಿವಿ ಹಿಂಡಬ್ಯಾಡ್ರಿ ಮತ್ತ' ಅಂತ ಸೇರಿಸು ಅಂದ. ಸೇರಿಸಿದೆ.